ಸೈಟ್ ಮುಚ್ಚುವಾಗ ತಂಡಕ್ಕೆ ಬರೆಯುವ ಬೀಳ್ಕೊಡುಗೆ ಸಂದೇಶ: ಏನು ಬರೀಬೇಕು, ಯಾವಾಗ ಕಳಿಸಬೇಕು?

ಹೊಸನಗರ_ಸೈಟ್

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಬಹುಗ್ರಾಮ ಕುಡಿಯುವ ನೀರಿನ ಕಾಮಗಾರಿ ಈ ಮೇ ಕೊನೆಗೆ ಮುಗೀತಿದೆ. ಗುತ್ತಿಗೆ ಕಂಪನಿ ಕಡೆಯ ಸೈಟ್ ಇಂಜಿನಿಯರ್ ನಾನು. ನಾಲ್ಕು ಮಳೆಗಾಲ ಒಟ್ಟಿಗೆ ಕಂಡ ತಂಡ, ಅಡುಗೆಯವರನ್ನೂ ಸೇರಿಸಿ 34 ಜನ. ಮೇ 18ಕ್ಕೆ ಪೈಪ್ ಗ್ಯಾಂಗ್ ಹೊರಡುತ್ತೆ. ಆಮೇಲೆ ಫಿಟ್ಟರ್‌ಗಳು ಬೇರೆ ಜಿಲ್ಲೆಯ ಸೈಟಿಗೆ ಹೋಗ್ತಾರೆ. ಇಬ್ಬರು ಸೂಪರ್‌ವೈಸರ್‌ಗಳು ಕಂಪನಿಯನ್ನೇ ಬಿಡ್ತಿದ್ದಾರೆ. ಮೇ 31ಕ್ಕೆ ಸೈಟ್ ಆಫೀಸ್ ಬಾಗಿಲು ಹಾಕ್ತೀವಿ.

ವಾಟ್ಸಾಪ್ ಗುಂಪಿಗೆ ಒಂದು ಬೀಳ್ಕೊಡುಗೆ ಸಂದೇಶ ಬರೆಯೋದು ನನ್ನ ಪಾಲಿಗೆ ಬಂದಿದೆ. ಎಷ್ಟು ಉದ್ದ ಇರಬೇಕು? 34 ಜನರ ಹೆಸರನ್ನೂ ಹಾಕಬೇಕಾ? ಕೊನೇ ದಿನ ಕಳಿಸಬೇಕಾ, ಮೊದಲೇ ಕಳಿಸಬೇಕಾ? ಅರ್ಥ ಇಲ್ಲದ ಹೂಮಾಲೆ ಮಾತು ಬೇಡ. ಓದಿದವರಿಗೆ ಉಪಯೋಗ ಆಗೋ ಹಾಗೆ ಬರೀಬೇಕು ಅಂತಿದೀನಿ.

ತೀರ್ಥಹಳ್ಳಿ_ಹುಡುಗ

ಮೇಡಂ, ಇದಕ್ಕೆ ಸಿದ್ಧ ನಮೂನೆ ಇದೆ. "ಗೌರವಾನ್ವಿತರೇ, ವೈಯಕ್ತಿಕ ಕಾರಣಗಳಿಂದ ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ, ನಿಯಮದಂತೆ ಒಂದು ತಿಂಗಳ ನೋಟಿಸ್ ಅವಧಿ ಪೂರೈಸುತ್ತೇನೆ" ಅಂತ ಶುರು ಮಾಡಿ. ಎಚ್‌ಆರ್‌ಗೆ ಇಮೇಲ್, ತಂಡಕ್ಕೆ ಅದರದೇ ಒಂದು ಪ್ರತಿ. ಸಾಕು.

ಹೊಸನಗರ_ಸೈಟ್

ನಾನು ರಾಜೀನಾಮೆ ಕೊಡ್ತಿಲ್ಲ ಅಣ್ಣ, ಅದೇ ಕಂಪನಿಯಲ್ಲೇ ಇರ್ತೀನಿ. ಇಲ್ಲಿ ಮುಗೀತಿರೋದು ಕೆಲಸ. ಎಲ್ಲರೂ ಒಂದೊಂದು ದಿಕ್ಕಿಗೆ ಹೋಗ್ತಿದ್ದಾರೆ.

ನಿವೃತ್ತ_ಎಇಇ

ಮೇಡಂ, ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗ ಇದೆ. ಮೊದಲ ಬ್ಯಾಚ್ ಹೊರಡೋದು 18ಕ್ಕೆ, ಆಫೀಸ್ ಮುಚ್ಚೋದು 31ಕ್ಕೆ. ಈ ಹದಿಮೂರು ದಿನದ ಅಂತರ ಇರೋದರಿಂದಲೇ ಕೊನೇ ದಿನದ ಒಂದೇ ಸಂದೇಶ ಕೆಲಸಕ್ಕೆ ಬರೋದಿಲ್ಲ. 31ನೇ ತಾರೀಕು ನೀವು ಗುಂಪಿಗೆ ಹಾಕೋ ಹೊತ್ತಿಗೆ ಗ್ಯಾಂಗಿನವರು ಇನ್ನೊಂದು ಸೈಟಿನ ಗುಂಡಿಯಲ್ಲಿರ್ತಾರೆ. ಅವರ ಕೈಗೆ ಬರಬೇಕಾದ ಕಾಗದ ಏನಾದರೂ ಉಳಿದಿದ್ದರೆ ಅದನ್ನು ಕೊಡೋಕೆ ಆಫೀಸೂ ಇರಲ್ಲ.

ಅದಕ್ಕೆ ಮೂರು ಸಂದೇಶ ಮಾಡಿಕೊಳ್ಳಿ. ಮೊದಲನೆಯದು ಮೇ 7 ಅಥವಾ 8ಕ್ಕೆ, ಅಂದರೆ ಮೊದಲ ಬ್ಯಾಚ್ ಹೊರಡೋದಕ್ಕೆ ಹತ್ತು ದಿನ ಮುಂಚೆ. ಅದರಲ್ಲಿ ಭಾವನೆ ಬೇಡ, ವ್ಯವಹಾರ ಮಾತ್ರ: ಯಾರು ಯಾವತ್ತು ಬಿಡುಗಡೆ, ಹೋಗೋ ಮುಂಚೆ ಆಫೀಸಿಂದ ಏನೇನು ತಗೋಬೇಕು, ಆಫೀಸಿಗೆ ಏನೇನು ಒಪ್ಪಿಸಬೇಕು. ಎರಡನೆಯದೇ ನಿಜವಾದ ಬೀಳ್ಕೊಡುಗೆ. ಅದು 17ರ ಸಂಜೆ, 34 ಜನರೂ ಇನ್ನೂ ಇಲ್ಲೇ ಇರುವಾಗ. ಮೂರನೆಯದು 31ಕ್ಕೆ, ನಾಲ್ಕೈದು ಸಾಲು: ಆಫೀಸ್ ಮುಚ್ಚಿತು, ಇನ್ನು ಮುಂದೆ ಯಾವ ವಿಷಯಕ್ಕೆ ಯಾರಿಗೆ ಫೋನ್ ಮಾಡಬೇಕು, ಅಷ್ಟೇ.

ಮೂರನ್ನೂ ಒಂದರಲ್ಲಿ ತುರುಕಿದರೆ ಆಗೋದು ಏನು ಅಂದ್ರೆ, ಉದ್ದದ ಸಂದೇಶವನ್ನು ವಾಟ್ಸಾಪ್ ಅರ್ಧಕ್ಕೆ ಮಡಚಿ "ಇನ್ನಷ್ಟು ಓದಿ" ಅಂತ ತೋರಿಸುತ್ತೆ. ಮೇಲಿನ ಸಾಲುಗಳಲ್ಲಿ ಧನ್ಯವಾದ ಕಂಡರೆ ಜನ ಕೈಮುಗಿಯೋ ಚಿತ್ರ ಹಾಕಿ ಮುಂದೆ ಹೋಗ್ತಾರೆ. ಕೆಳಗಿದ್ದ "15ರ ಒಳಗೆ ಅನುಭವ ಪತ್ರಕ್ಕೆ ವಿವರ ಕೊಡಿ" ಅನ್ನೋ ಸಾಲು ಯಾರ ಕಣ್ಣಿಗೂ ಬೀಳಲ್ಲ.

ಅಡಿಕೆಗೊನೆ

ಎಇಇ ಸರ್ ಹೇಳಿದ್ದು ಸರಿ, ಆದರೆ ಗುಂಪಿಗೆ ಹಾಕೋದಕ್ಕಿಂತ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಕಳಿಸಿ. ಪ್ರತಿಯೊಬ್ಬರಿಗೂ ತಮಗೇ ಬರೆದ ಹಾಗೆ ಹೋಗುತ್ತೆ. ಇನ್ನೊಂದು, ಮೊದಲ ಸಂದೇಶದಲ್ಲೇ ಎಲ್ಲರೂ ಪಿಎಫ್ ದುಡ್ಡು ಬಿಡಿಸಿಕೊಳ್ಳಿ ಅಂತ ಬರೆದುಬಿಡಿ. ಸೈಟ್ ಮುಗಿದ ಮೇಲೆ ಯಾರೂ ಕೇಳೋರಿರಲ್ಲ.

ಲೆಕ್ಕಪತ್ರ

ಬ್ರಾಡ್‌ಕಾಸ್ಟ್ ಯೋಚನೆ ಒಳ್ಳೆಯದೇ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತೆ. ಗ್ಯಾಂಗಿನವರು ಮುಕ್ಕದಮ್ ನಂಬರ್ ಇಟ್ಕೊಂಡಿರ್ತಾರೆ, ಇಂಜಿನಿಯರ್ ನಂಬರ್ ಎಷ್ಟೋ ಜನರ ಹತ್ರ ಇರಲ್ಲ. ಅವರಿಗೆ ಬರಲಿಲ್ಲ ಅನ್ನೋದು ಕಳಿಸಿದವರಿಗೂ ಗೊತ್ತಾಗಲ್ಲ. ಗುಂಪೇ ಇರಲಿ.

ಪಿಎಫ್ ವಿಷಯದಲ್ಲಿ ಮಾತ್ರ ದಯವಿಟ್ಟು "ಬಿಡಿಸಿಕೊಳ್ಳಿ" ಅಂತ ಬರೀಬೇಡಿ ಮೇಡಂ. ನಿಮ್ಮ ತಂಡದಲ್ಲಿ ಮೂರು ತರದವರು ಇದ್ದಾರೆ. ಅದೇ ಕಂಪನಿಯ ಅದೇ ಪಿಎಫ್ ಕೋಡ್‌ನಲ್ಲಿ ಬೇರೆ ಸೈಟಿಗೆ ಹೋಗುವವರು ಏನೂ ಮಾಡೋದು ಬೇಡ. ಕಂಪನಿ ಬಿಡುವ ಇಬ್ಬರು ಸೂಪರ್‌ವೈಸರ್‌ಗಳು ಹೊಸ ಕಡೆ ಸೇರುವಾಗ ಹಳೇ ಯುಎಎನ್ ನಂಬರನ್ನೇ ಕೊಟ್ಟು ಖಾತೆ ವರ್ಗಾಯಿಸಿಕೊಳ್ಳಬೇಕು. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಪ್ರತಿ ಸೈಟ್ ಮುಗಿದಾಗಲೂ ಎಲ್ಲ ಬಿಡಿಸಿಕೊಂಡರೆ ಆ ಲೆಕ್ಕ ಮತ್ತೆ ಮೊದಲಿಂದ ಶುರುವಾಗುತ್ತೆ. ಇನ್ನು ಮೂರನೆಯವರು ಪೆಟ್ಟಿ ಕಂಟ್ರಾಕ್ಟರ್ ಕೈಕೆಳಗಿನ ಕೆಲಸಗಾರರು. ಅವರ ಪಿಎಫ್ ಬೇರೆ ಕೋಡ್‌ನಲ್ಲಿರುತ್ತೆ, ಅದನ್ನು ಆ ಕಂಟ್ರಾಕ್ಟರ್ ಹತ್ರವೇ ಕೇಳಬೇಕು.

ಬಿಟ್ಟು ಹೋಗೋರಿಗೆ ಎಡವೋ ಜಾಗ ಒಂದೇ: ಕೆಲಸ ಬಿಟ್ಟ ತಾರೀಕನ್ನು ಮಾಲೀಕರು ಪೋರ್ಟಲ್‌ನಲ್ಲಿ ಹಾಕಿರಲ್ಲ. ಅದಿಲ್ಲದೆ ವರ್ಗಾವಣೆ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತೆ. ಕೊನೆಯ ಕಂತು ಜಮಾ ಆಗಿ ಎರಡು ತಿಂಗಳಾದ ಮೇಲೆ ಕೆಲಸಗಾರರೇ ಪೋರ್ಟಲ್‌ನಲ್ಲಿ `Manage` ಒಳಗಿನ `Mark Exit` ಒತ್ತಿ ತಾರೀಕು ಹಾಕಬಹುದು. ಆದರೆ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರಬೇಕು. ಊರು ಬದಲಾಯಿಸುವಾಗ ಸಿಮ್ ಬದಲಾಯಿಸಿದವರು ಅಲ್ಲೇ ನಿಂತುಬಿಡ್ತಾರೆ. ಹಾಗಾಗಿ ಮೊದಲ ಸಂದೇಶದಲ್ಲಿ ಒಂದು ಸಾಲು ಇರಲಿ: "ಹೊರಡುವ ಮುಂಚೆ ಆಫೀಸಿಗೆ ಬಂದು ನಿಮ್ಮ ಯುಎಎನ್ ಬರೆದುಕೊಳ್ಳಿ, ಆಧಾರ್‌ಗೆ ಜೋಡಿಸಿದ ನಂಬರ್ ಬಿಡಬೇಡಿ."

ಪಿಎಫ್‌ಗಿಂತ ಮುಖ್ಯವಾದ ಇನ್ನೊಂದಿದೆ, ಅದನ್ನು ಎಲ್ಲರೂ ಮರೀತಾರೆ. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. ಆ ಕಾಗದಕ್ಕೆ ಸಹಿ ಹಾಕೋಕೆ ಹಾಜರಿ ಪುಸ್ತಕ ಇರೋ ಜಾಗ ಅಂದ್ರೆ ನಿಮ್ಮ ಸೈಟ್ ಆಫೀಸ್. 31 ದಾಟಿದ ಮೇಲೆ ಆ ಕೆಲಸಗಾರ ಯಾವ ಊರಿಗೆ ಬಂದು ಯಾರ ಸಹಿ ಕೇಳಬೇಕು? ನಿಮ್ಮ ಸಂದೇಶದಲ್ಲಿ ಒಂದೇ ಒಂದು ಉಪಯೋಗದ ಸಾಲು ಇರಬೇಕು ಅಂದರೆ ನಾನು ಇದನ್ನೇ ಇಡ್ತೀನಿ.

ಹೊಸನಗರ_ಸೈಟ್

ಇದು ನಿಜಕ್ಕೂ ತಲೆಗೆ ಬಂದಿರಲಿಲ್ಲ. 90 ದಿನದ ಪತ್ರವನ್ನು ನಾಳೆಯಿಂದಲೇ ಬರೆಸೋಕೆ ಶುರು ಮಾಡ್ತೀನಿ.

ಬೀಳ್ಕೊಡುಗೆಯ ಮೊದಲ ಕರಡು ಬರೆದಿದೀನಿ, ನೋಡಿ:

"ಆತ್ಮೀಯ ತಂಡದ ಸದಸ್ಯರೇ, ಎಲ್ಲ ಒಳ್ಳೆಯ ಪಯಣಕ್ಕೂ ಒಂದು ಕೊನೆಯಿದೆ. ಈ ನಾಲ್ಕು ವರ್ಷಗಳಲ್ಲಿ ನಿಮ್ಮ ಅವಿರತ ಶ್ರಮ, ಸಮರ್ಪಣಾ ಭಾವ ಮತ್ತು ಬದ್ಧತೆಯಿಂದ ನಾವು ಈ ಯೋಜನೆಯನ್ನು ಯಶಸ್ವಿಯಾಗಿ ಪೂರ್ಣಗೊಳಿಸಿದ್ದೇವೆ. ನಿಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ. ಮುಂದಿನ ಸೈಟಿನಲ್ಲಿ ಎಲ್ಲರನ್ನೂ ಮತ್ತೆ ಕರೆಯುತ್ತೇನೆ. ಶುಭವಾಗಲಿ."

ಸಾಗರದವಳು

ಅಕ್ಕ, ಇದರಲ್ಲಿ ನೀರಿನ ಕೆಲಸ ಅಂತ ಎಲ್ಲೂ ಇಲ್ಲ. ಹೊಸನಗರ ಅಂತಲೂ ಇಲ್ಲ. ಇದನ್ನೇ ಎತ್ತಿ ಬ್ಯಾಂಕಿನವರಿಗೆ ಹಾಕಿದರೂ ಹೊಂದುತ್ತೆ. ಓದೋ ಫಿಟ್ಟರ್‌ಗೆ ಇದರಲ್ಲಿ ತಾನು ಎಲ್ಲಿದೀನಿ ಅಂತ ಕಾಣಬೇಕಲ್ಲ.

ಧನ್ಯವಾದದ ಸಾಲಿಗೆ ಮೂರು ಸಂಗತಿ ಸೇರಬೇಕು: ಯಾವ ಜಾಗ, ಏನು ಮಾಡಿದರು, ಅದರಿಂದ ಏನು ನಿಂತಿತು. ಬರೆದ ಮೇಲೆ ಹೆಸರನ್ನು ಬೆರಳಲ್ಲಿ ಮುಚ್ಚಿ ಓದಿ. ಆಗಲೂ ಅದು ಯಾರ ಬಗ್ಗೆ ಅಂತ ತಂಡಕ್ಕೆ ಗೊತ್ತಾದರೆ ಆ ಸಾಲು ಗಟ್ಟಿ. "ಸ್ಟೋರ್ ಕೀಪರ್ ಅವರ ಪ್ರಾಮಾಣಿಕ ಸೇವೆ" ಅನ್ನೋದು ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತೆ. "ಪೈಪಿನ ರಬ್ಬರ್ ರಿಂಗ್‌ಗಳನ್ನು ಬಿಸಿಲು ತಾಗದಂತೆ ಚೀಲದಲ್ಲಿ ಕಟ್ಟಿ ಒಳಗಿಟ್ಟವರು, ಅದರಿಂದಲೇ ಮೂರನೇ ವರ್ಷದ ರಿಂಗೂ ಗಟ್ಟಿಯಾಗಿ ಕೂತಿತು" ಅನ್ನೋದು ನಿಲ್ಲುತ್ತೆ.

ಕೊನೆಯ ಎರಡು ಸಾಲು ತೆಗೆದುಬಿಡಿ. ಏನು ತಪ್ಪು ಅಂತ ಹೇಳದೆ "ಏನಾದರೂ ತಪ್ಪಾಗಿದ್ದರೆ" ಅಂದರೆ, ನಿಜವಾಗಿ ನೋವಾದವರಿಗೆ ಅದು ತಲುಪಲ್ಲ, ಉಳಿದವರಿಗೆ ಏನೋ ಆಗಿತ್ತು ಅನ್ನೋ ಗುಮಾನಿ ಬರುತ್ತೆ. ಯಾರ ಹತ್ರವಾದರೂ ಕೇಳಬೇಕಾದ ಕ್ಷಮೆ ಇದ್ದರೆ ಅವರ ಹತ್ರ ಹೋಗಿ ಕೇಳಿ. ಇನ್ನು "ಎಲ್ಲರನ್ನೂ ಮತ್ತೆ ಕರೆಯುತ್ತೇನೆ" ಅನ್ನೋದನ್ನು ದಿನಗೂಲಿಯವರು ಮಾತು ಅಂತಲೇ ತಗೊಳ್ತಾರೆ. ಅದನ್ನು ನಂಬಿಕೊಂಡು ಬೇರೆ ಕಡೆಯ ಕೆಲಸ ಒಪ್ಪದೆ ಕಾಯೋರು ಇದ್ದಾರೆ. ಆಳು ತಗೊಳ್ಳೋ ಅಧಿಕಾರ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಅದು ಬೇಡವೇ ಬೇಡ.

ಅಡಿಕೆಗೊನೆ

34 ಜನಕ್ಕೂ ಒಂದೊಂದು ಸಾಲು ಬರೆದರೆ ಪುಟಗಟ್ಟಲೆ ಆಗುತ್ತಲ್ಲ? ಅದೂ ಅಲ್ಲದೆ ಯಾರ ಹೆಸರು ಮೊದಲು, ಯಾರದ್ದು ಕೊನೆಗೆ ಅಂತ ಜಗಳ. ಮ್ಯಾನೇಜರ್ ಹೆಸರು ಮೊದಲು ಹಾಕೋದೇ ವಾಡಿಕೆ.

ನಿವೃತ್ತ_ಎಇಇ

ಜಗಳ ಬರೋದು ಹುದ್ದೆಯ ಪ್ರಕಾರ ಬರೆದಾಗ. ನೀರು ಹರಿಯೋ ದಾರಿಯ ಪ್ರಕಾರ ಬರೆದು ನೋಡಿ. ಮೊದಲು ಲೈನ್ ಗುರುತು ಹಾಕಿದ ಸರ್ವೇಯರ್, ಆಮೇಲೆ ಗುಂಡಿ ತೆಗೆದ ಗ್ಯಾಂಗ್, ಪೈಪ್ ಇಳಿಸಿದ ಡ್ರೈವರ್‌ಗಳು, ಜಾಯಿಂಟ್ ಕೂರಿಸಿದ ಫಿಟ್ಟರ್‌ಗಳು, ಟ್ಯಾಂಕ್ ಕಟ್ಟಿದವರು, ಪಂಪ್ ಜೋಡಿಸಿದ ಎಲೆಕ್ಟ್ರಿಷಿಯನ್, ಕೊನೆಗೆ ಮನೆ ನಲ್ಲಿ ಹಾಕಿದವರು. ಇದರಲ್ಲಿ ಮೇಲು ಕೆಳಗು ಇಲ್ಲ. ಬರೆಯೋರಿಗೂ ಯಾರನ್ನಾದರೂ ಬಿಟ್ಟುಬಿಟ್ಟೆನಾ ಅಂತ ಪತ್ತೆ ಮಾಡೋದು ಸುಲಭ, ಯಾಕಂದರೆ ದಾರಿಯಲ್ಲಿ ಎಲ್ಲಾದರೂ ನೀರು ನಿಂತರೆ ಅಲ್ಲೊಬ್ಬರು ಬಿಟ್ಟುಹೋಗಿದ್ದಾರೆ ಅಂತ ಅರ್ಥ. ಅಡುಗೆಯವರು ಮತ್ತು ಲೆಕ್ಕದವರು ಮಾತ್ರ ಈ ದಾರಿಗೆ ಸಿಗಲ್ಲ, ಅವರನ್ನು ನೆನಪಿಟ್ಟು ಸೇರಿಸಿ.

ಉದ್ದದ ಬಗ್ಗೆ: ಒಬ್ಬೊಬ್ಬರಿಗೆ ಬೇರೆ ಸಾಲು ಬೇಡ, ಕೆಲಸಕ್ಕೊಂದು ಸಾಲು, ಆ ಸಾಲಲ್ಲಿ ಆ ಕೆಲಸ ಮಾಡಿದ ಎಲ್ಲರ ಹೆಸರು. ಎಂಟು ಸಾಲಿನಲ್ಲಿ 34 ಹೆಸರು ಕೂರುತ್ತೆ. ಹೆಸರನ್ನು ನೆನಪಿನಿಂದ ಬರೀಬೇಡಿ, ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಬರೀರಿ. ಎರಡನೇ ವರ್ಷಕ್ಕೇ ಬಿಟ್ಟು ಹೋದವರೂ ಅದರಲ್ಲಿ ಸಿಗ್ತಾರೆ, ಅವರದ್ದೂ ಹಾಕಿ. ಕಳಿಸುವ ಮುಂಚೆ ಇಬ್ಬರು ಬೇರೆ ಬೇರೆ ಗುಂಪಿನವರಿಂದ ಓದಿಸಿ. ವಾಟ್ಸಾಪ್‌ನಲ್ಲಿ ಕಳಿಸಿದ ಮೇಲೆ ತಿದ್ದೋಕೆ 15 ನಿಮಿಷ ಮಾತ್ರ ಸಿಗುತ್ತೆ. ಹೆಸರು ತಪ್ಪಾಗಿದೆ ಅಂತ ಯಾರಾದರೂ ಹೇಳೋ ಹೊತ್ತಿಗೆ ಅದು ದಾಟಿರುತ್ತೆ.

ಮೇಸ್ತ್ರಿ_ಮಗ

ಒಂದು ಮಾತು. ಪೈಪ್ ಗ್ಯಾಂಗ್‌ಗೆ ಕನ್ನಡ ಓದೋಕೆ ಬರುತ್ತಾ ಮೊದಲು ಕೇಳಿಕೊಳ್ಳಿ. ರಾಯಚೂರು ಕಡೆಯವರಾದರೆ ಮಾತು ಅರ್ಥ ಆಗುತ್ತೆ, ಆದರೆ ಅಕ್ಷರ ಬಾರದವರು ಇರ್ತಾರೆ. ಒಡಿಶಾದವರಾದರೆ ಹಿಂದಿ ಬೇಕು. ಬರೆದ ಸಂದೇಶದ ಜೊತೆ ಎರಡು ನಿಮಿಷದ ಧ್ವನಿ ಸಂದೇಶ ಹಾಕಿ. ಅದೇ ಬರಹವನ್ನು ಓದಬೇಡಿ, ಮಾತಾಡೋ ಹಾಗೆ ಹೇಳಿ, ಹೆಸರುಗಳನ್ನು ಮಾತ್ರ ಒಂದೂ ಬಿಡದೆ ಓದಿ. ಹಿಂದಿಯದ್ದನ್ನು ಮುಕ್ಕದಮ್ ಹತ್ರ ಹೇಳಿಸಿ.

ನಗರ, ನಿಟ್ಟೂರು, ಸಂಪೆಕಟ್ಟೆ ಕಡೆ ಬಿಡಾರ ಇರೋರಿಗೆ ನೆಟ್‌ವರ್ಕ್ ನಂಬಿಕೊಂಡು ಕೂರೋ ಹಾಗಿಲ್ಲ. ಮೊದಲನೇ ಸಂದೇಶವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಊಟದ ಶೆಡ್ಡಿನ ಕಂಬಕ್ಕೆ ಅಂಟಿಸಿ. ತಾರೀಕು ಮತ್ತು "90 ದಿನದ ಪತ್ರ" ಅನ್ನೋದು ದೂರದಿಂದ ಕಾಣಬೇಕು.

ವಿವಿ_ಸರ್ವೆ

ನಮ್ಮದು ಚಿಕ್ಕ ತಂಡ, ಐದು ಜನ. ವಿಶ್ವವಿದ್ಯಾಲಯದ ಸಂಶೋಧನಾ ಯೋಜನೆಯಲ್ಲಿ ಹಳ್ಳಿ ಸಮೀಕ್ಷೆ ಮಾಡ್ತೀವಿ, ಮಾರ್ಚ್‌ಗೆ ಅನುದಾನ ಮುಗಿಯುತ್ತೆ. ನಮಗೂ ಮೂರು ಸಂದೇಶ ಬೇಕಾ? ಸಮೀಕ್ಷೆಯ ಫೋನ್‌ಗಳಲ್ಲಿ ಜನರ ಮನೆ ವಿವರ ಉಳಿದಿದೆ, ಅದರ ಬಗ್ಗೆ ಸಂದೇಶದಲ್ಲಿ ಹಾಕಬೇಕಾ?

ಲೆಕ್ಕಪತ್ರ

ಐದೇ ಜನ, ಒಂದೇ ದಿನ ಹೋಗೋದಾದರೆ ಎರಡು ಸಾಕು. ಫೋನಿನದ್ದು ಬೀಳ್ಕೊಡುಗೆಯಲ್ಲಿ ಬರೆಯೋದಲ್ಲ, ಅದಕ್ಕೆ ಮುಂಚಿನ ವ್ಯವಹಾರದ ಸಂದೇಶದಲ್ಲಿ ಬರಬೇಕು: ಮಾಹಿತಿ ಸರ್ವರ್‌ಗೆ ಏರಿದೆ ಅಂತ ಖಾತ್ರಿ ಮಾಡಿಕೊಳ್ಳಿ, ಆಮೇಲೆ ಫೋನಿಂದ ಅಳಿಸಿ, ಅಳಿಸಿದ್ದಕ್ಕೆ ಸಹಿ ಮಾಡಿ ಫೋನ್ ಒಪ್ಪಿಸಿ. ಈ ಕ್ರಮ ತಿರುಗಾಮುರುಗಾ ಆದರೆ ಮಾಡಿದ ಕೆಲಸವೇ ಹೋಗುತ್ತೆ.

ನಿವೃತ್ತ_ಎಇಇ

ಮೇಡಂ, ಮೊದಲ ಸಂದೇಶಕ್ಕೆ ಇನ್ನೊಂದು ಸೇರಿಸಬೇಕು. ನನ್ನ ದೃಷ್ಟಿಯಲ್ಲಿ ಬೀಳ್ಕೊಡುಗೆಗಿಂತ ಇದೇ ದೊಡ್ಡದು.

ಮಲೆನಾಡಿನ ಲೈನ್ ಗುಡ್ಡ ಹತ್ತಿ ಇಳಿದು ಹೋಗುತ್ತೆ. ಏರಿನ ತುದಿಯಲ್ಲಿ ಏರ್ ವಾಲ್ವ್, ತಗ್ಗಿನಲ್ಲಿ ಕೆಸರು ಹೊರಬಿಡೋ ಸ್ಕವರ್ ವಾಲ್ವ್. ನಕ್ಷೆಯಲ್ಲಿ ಎರಡೂ ಇರುತ್ತವೆ, ಆದರೆ ನಕ್ಷೆಯಲ್ಲಿ ಇರೋ ಜಾಗಕ್ಕೂ ನಿಜವಾಗಿ ಕೂರಿಸಿದ ಜಾಗಕ್ಕೂ ಎಷ್ಟೋ ಸಲ ಹತ್ತಿಪ್ಪತ್ತು ಮೀಟರ್ ವ್ಯತ್ಯಾಸ. ಬಂಡೆ ಸಿಕ್ಕಿತು, ತೋಟದವರು ಒಪ್ಪಲಿಲ್ಲ, ಬೇಲಿ ಅಡ್ಡ ಬಂತು, ಹೀಗೆ ಕಾರಣ ನೂರು. ಆ ವ್ಯತ್ಯಾಸ ಗೊತ್ತಿರೋದು ಕೂರಿಸಿದ ಫಿಟ್ಟರ್‌ಗೆ ಮಾತ್ರ. ಒಂದು ಮಳೆಗಾಲ ಕಳೆದರೆ ಚೇಂಬರ್ ಮೇಲೆ ಮಣ್ಣು ಕೂತು, ದರಗು ಬಿದ್ದು, ಗಿಡ ಎದ್ದು, ಹುಡುಕಿದರೂ ಸಿಗಲ್ಲ.

ಆಗ ಏನಾಗುತ್ತೆ ನೋಡಿ. ಏರ್ ವಾಲ್ವ್ ಕೆಟ್ಟೋ ಮುಚ್ಚಿಯೋ ಹೋಗಿ ಏರಿನಲ್ಲಿ ಗಾಳಿ ಕಟ್ಟಿಕೊಳ್ಳುತ್ತೆ. ಪಂಪ್ ಮಾಮೂಲಿನಂತೆ ಓಡುತ್ತೆ, ಗೇಜ್‌ನಲ್ಲಿ ಒತ್ತಡ ತೋರಿಸುತ್ತೆ, ಆದರೆ ಟ್ಯಾಂಕಿಗೆ ಬೀಳೋ ನೀರು ದಿನದಿಂದ ದಿನಕ್ಕೆ ಸಣ್ಣದಾಗುತ್ತೆ. ಮೇಲಿನ ಮನೆಗಳ ನಲ್ಲಿಯಲ್ಲಿ ಬುಸ್ಸೆಂದು ಗಾಳಿ ಬಂದು ಆಮೇಲೆ ತಡೆತಡೆದು ನೀರು. ನೀರುಗಂಟಿ ಪಂಪ್ ಕೆಟ್ಟಿದೆ ಅಂತ ಪಂಚಾಯ್ತಿಗೆ ಹೇಳ್ತಾನೆ, ಪಂಪ್ ಬಿಚ್ಚಿಸ್ತಾರೆ, ದುಡ್ಡು ಹೋಗುತ್ತೆ, ನೀರು ಮಾತ್ರ ಬರಲ್ಲ. ಬೇಕಿದ್ದದ್ದು ಆ ಚೇಂಬರ್ ಎಲ್ಲಿದೆ ಅನ್ನೋ ಒಂದು ಸಾಲು.

ಹಾಗಾಗಿ ಮೊದಲ ಸಂದೇಶದಲ್ಲಿ ಫಿಟ್ಟರ್ ಮತ್ತು ಸೂಪರ್‌ವೈಸರ್‌ಗಳನ್ನು ಕೇಳಿ: ನಕ್ಷೆಯಲ್ಲಿ ಇಲ್ಲದ ಅಥವಾ ನಕ್ಷೆಗಿಂತ ಬೇರೆ ಕಡೆ ಇರೋ ವಾಲ್ವ್, ಜಾಯಿಂಟ್, ಹೂತಿಟ್ಟ ಎಂಡ್ ಕ್ಯಾಪ್ ಯಾವುದು, ಹೊರಡೋ ಮುಂಚೆ ಹೇಳಿ. ಒಂದೊಂದಕ್ಕೂ ಮೂರು ಸಂಗತಿ ಸಾಕು: ಕದಲದ ಒಂದು ಗುರುತು, ಅಲ್ಲಿಂದ ಎಷ್ಟು ಮೀಟರ್, ಯಾವ ದಿಕ್ಕು. ಗುರುತು ಅಂದ್ರೆ ಮೋರಿ, ಶಾಲೆ ಗೋಡೆಯ ಮೂಲೆ, ದೇವಸ್ಥಾನದ ಕಟ್ಟೆ ಅಂಥದ್ದು. ಅಡಿಕೆ ಮರ, ಬೇಲಿ, ವಿದ್ಯುತ್ ಕಂಬ ಬೇಡ, ಅವು ಜಾಗ ಬಿಡ್ತವೆ. "ಮೋರಿಯಿಂದ ನಗರದ ಕಡೆಗೆ 14 ಮೀಟರ್, ರಸ್ತೆಯ ಎಡಕ್ಕೆ, ಏರ್ ವಾಲ್ವ್" ಅಂತ ಬರೆದರೆ ಹತ್ತು ವರ್ಷದ ಮೇಲೂ ಯಾರಾದರೂ ಅಗೆದು ತೆಗೀಬಹುದು.

ಹೊಸನಗರ_ಸೈಟ್

ಸರ್, ಅದನ್ನು ಗುಂಪಲ್ಲೇ ಹಾಕಿಸಲಾ? ಎಲ್ಲರೂ ಫೋಟೋ ಸಮೇತ ಹಾಕಬಹುದು.

ನಿವೃತ್ತ_ಎಇಇ

ಗುಂಪಿಗೆ ಹಾಕಿಸಿ, ಆದರೆ ಗುಂಪಲ್ಲೇ ಬಿಡಬೇಡಿ. ಫೋಟೋ ತೆರೆದು ಇಳಿಸಿಕೊಳ್ಳದವರಿಗೆ ಸ್ವಲ್ಪ ದಿನದ ಮೇಲೆ ಅದು ಸಿಗೋದೇ ಇಲ್ಲ. ಒಂದು ನೋಟ್‌ಬುಕ್‌ನಲ್ಲಿ ಊರುವಾರು ಬರೆಸಿ ಮೂರು ಪ್ರತಿ ಮಾಡಿ. ಒಂದು ಕಂಪನಿಯ ಫೈಲಿಗೆ, ಒಂದು ಇಲಾಖೆಗೆ ಕೊಡುವ ನಕ್ಷೆಯ ಜೊತೆ, ಒಂದು ಆಯಾ ಪಂಚಾಯ್ತಿಯ ನೀರುಗಂಟಿ ಕೈಗೆ. ಸಾಧ್ಯವಾದರೆ ಫಿಟ್ಟರ್ ಮತ್ತು ನೀರುಗಂಟಿ ಇಬ್ಬರನ್ನೂ ಒಂದು ದಿನ ಲೈನ್ ಮೇಲೆ ಒಟ್ಟಿಗೆ ನಡೆಸಿ. ಮಳೆ ಹಿಡಿದ ಮೇಲೆ ಆಗಲ್ಲ, ಮೇ ಮಧ್ಯದೊಳಗೆ ಮುಗಿಸಿ.

ಸಾಗರದವಳು

ಅನುಭವ ಪತ್ರದ್ದೂ ಇಲ್ಲೇ ಹೇಳಿಬಿಡ್ತೀನಿ. "ನಮ್ಮಲ್ಲಿ ನಾಲ್ಕು ವರ್ಷ ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ" ಅಂತ ಬರೆದ ಕಾಗದದಿಂದ ಫಿಟ್ಟರ್‌ಗೆ ಮುಂದಿನ ಕಡೆ ಪ್ರಯೋಜನ ಇಲ್ಲ. "100ರಿಂದ 250 ಎಂಎಂ ಡಿಐ ಪೈಪ್ ಜೋಡಣೆ, ವಾಲ್ವ್ ಕೂರಿಸುವುದು, ಒತ್ತಡ ಪರೀಕ್ಷೆ" ಅಂತ ಇದ್ದರೆ ಅಲ್ಲಿನ ಇಂಜಿನಿಯರ್‌ಗೆ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಎಚ್‌ಡಿಪಿಇ ಮಷೀನ್ ನಡೆಸಿದವರಿಗೆ ಮಷೀನ್‌ನ ಅಳತೆ ಎಷ್ಟರವರೆಗೆ ಅಂತ ಬರೀರಿ. ಹೆಲ್ಪರ್ ಆಗಿ ಸೇರಿ ಫಿಟ್ಟರ್ ಆದವರಿಗೆ ಎರಡೂ ಅವಧಿ ಬೇರೆ ಬೇರೆ ಹಾಕಿ, ಇಲ್ಲದಿದ್ದರೆ ಮುಂದಿನ ಸೈಟಲ್ಲಿ ಮತ್ತೆ ಹೆಲ್ಪರ್ ಕೂಲಿಗೇ ನಿಲ್ಲಿಸ್ತಾರೆ. ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇರಲಿ.

ಹೊಸನಗರ_ಸೈಟ್

ಎಲ್ಲರ ಮಾತು ಸೇರಿಸಿ ಎರಡನೇ ಸಂದೇಶವನ್ನು ಮತ್ತೆ ಬರೆದೆ. ಹೆಸರಿದ್ದ ಕಡೆ ಇಲ್ಲಿ ಕೆಲಸ ಮಾತ್ರ ಹಾಕಿದೀನಿ.

"ನಾಳೆ ಬೆಳಿಗ್ಗೆ ಪೈಪ್ ಗ್ಯಾಂಗ್ ಹೊರಡುತ್ತಿದೆ. ನಾವು 34 ಜನ ಒಟ್ಟಿಗೆ ಇರುವ ಕೊನೆಯ ಸಂಜೆ ಇದು, ಅದಕ್ಕೆ ಈಗಲೇ ಬರೆಯುತ್ತಿದ್ದೇನೆ.

ಕಾಡಂಚಿನಲ್ಲಿ ಜಿಗಣೆ ಕಚ್ಚಿಸಿಕೊಂಡು ಲೈನ್ ಗುರುತು ಹಾಕಿದವರು ಸರ್ವೇಯರ್ ಅಣ್ಣ. ಒಂದು ಕಡೆ ಮರ ಉಳಿಸಲು ಲೈನನ್ನೇ ಬಳಸಿ ತಂದರು.

ಜಂಬಿಟ್ಟಿಗೆ ಕಲ್ಲಿನಲ್ಲಿ ಮೀಟರ್ ಆಳ ತೋಡಿದವರು ಗ್ಯಾಂಗಿನ ಹತ್ತು ಜನ. ಜೆಸಿಬಿ ಹೋಗದ ತೋಟದ ದಾರಿಯನ್ನೆಲ್ಲ ಹಾರೆ ಗುದ್ದಲಿಯಲ್ಲೇ ಮುಗಿಸಿದರು.

ತಿರುವಿನ ರಸ್ತೆಯಲ್ಲಿ ಉದ್ದದ ಪೈಪ್ ಇಳಿಸಿದ ಮೂವರು ಡ್ರೈವರ್‌ಗಳು ಒಂದು ಪೈಪಿನ ತುದಿಯನ್ನೂ ಒಡೆಯಲಿಲ್ಲ.

ನಿಟ್ಟೂರು ಕಡೆಯ ಏರಿನಲ್ಲಿ ಒತ್ತಡ ನಿಲ್ಲದಿದ್ದಾಗ ಜಾಯಿಂಟ್‌ಗಳನ್ನು ಒಂದೊಂದಾಗಿ ತೆರೆದು ಸೋರಿಕೆ ಹಿಡಿದವರು ಫಿಟ್ಟರ್‌ಗಳು. ಅಂದು ಮೇಲೆ ಮಣ್ಣು ಮುಚ್ಚಿಬಿಟ್ಟಿದ್ದರೆ ಇಂದು ಆ ಊರಿಗೆ ನೀರಿಲ್ಲ.

ಟ್ಯಾಂಕಿನ ಸ್ಲ್ಯಾಬ್ ಹಾಕಿದ ದಿನ ಬೆಳಗಿನ ಜಾವವೇ ಕಡುಬು ಬೇಯಿಸಿ ಎಲ್ಲರ ಹೊಟ್ಟೆ ತುಂಬಿಸಿದವರು ಅಡುಗೆ ಅಕ್ಕ. ಆ ಕಾಂಕ್ರೀಟ್ ಎಲ್ಲೂ ನಿಲ್ಲದೆ ಮುಗಿಯಿತು.

ಸ್ಟೋರ್, ಲೆಕ್ಕ, ಪಂಪ್ ಹೌಸ್, ಮನೆ ನಲ್ಲಿ, ಇವರ ಸಾಲುಗಳು ಕೆಳಗಿವೆ, ಪೂರ್ತಿ ಓದಿ.

90 ದಿನದ ಪತ್ರ, ಅನುಭವ ಪತ್ರ ತೆಗೆದುಕೊಳ್ಳದವರು ರಾತ್ರಿ ಊಟಕ್ಕೆ ಮುಂಚೆ ಆಫೀಸಿಗೆ ಬನ್ನಿ. ನಿಮ್ಮ ಊರಿಗೋ ಮುಂದಿನ ಸೈಟಿಗೋ ಸುಖವಾಗಿ ತಲುಪಿ."

ಸಾಗರದವಳು

ಈಗ ಸರಿಯಾಯ್ತು ಅಕ್ಕ. ಒಂದೇ ತಿದ್ದುಪಡಿ: "ಕೆಳಗಿವೆ, ಪೂರ್ತಿ ಓದಿ" ಬೇಡ, ಆ ಸಾಲುಗಳನ್ನೂ ಇಲ್ಲೇ ಅವರವರ ಸರದಿಯಲ್ಲಿ ಸೇರಿಸಿ. ಹಾಗೆ ಬೇರೆ ಇಟ್ಟರೆ ಅವರನ್ನು ಪಂಕ್ತಿಯಿಂದ ಹೊರಗೆ ಕೂರಿಸಿದ ಹಾಗಾಗುತ್ತೆ. ಪತ್ರದ ಸಾಲನ್ನು ಮೊದಲ ಸಾಲಿನ ಪಕ್ಕದಲ್ಲೇ ತನ್ನಿ, ಮಡಚಿದರೂ ಕಾಣಲಿ.

ಮೇಸ್ತ್ರಿ_ಮಗ

ಚೆನ್ನಾಗಿದೆ. ಆದರೆ ಇನ್ನೊಂದು ಕೇಳ್ತೀನಿ, ಬೇಜಾರಾಗಬೇಡಿ. ಕೆಲಸದ ಮಧ್ಯೆ ಗಾಯ ಆಗಿ ಊರಿಗೆ ಹೋದವರೋ, ತೀರಿಕೊಂಡವರೋ ಇದ್ದರೆ ಇಂಥ ಸಂದೇಶದಲ್ಲಿ ಹೇಗೆ ಬರೀಬೇಕು?

ನಿವೃತ್ತ_ಎಇಇ

ಮನೆಯವರನ್ನು ಮೊದಲು ಕೇಳಬೇಕು. ಅವರು ಒಪ್ಪಿದರೆ ಆ ಹೆಸರನ್ನು ಬೇರೆಯಾಗಿ ಇಡದೆ ಅವರು ಮಾಡಿದ ಕೆಲಸದ ಸಾಲಿನಲ್ಲೇ, ಉಳಿದವರ ಜೊತೆಗೇ ಹಾಕಿ. ವಿಶೇಷಣ ಬೇಡ. ಪರಿಹಾರದ ವಿಷಯ ಬಾಕಿ ಇದ್ದರೆ ಸಂದೇಶದಲ್ಲಿ ಒಂದಕ್ಷರವೂ ಬೇಡ, ಅದು ನೇರವಾಗಿ ಮನೆಯವರ ಹತ್ರ ಮತ್ತು ಕಾಗದದಲ್ಲಿ ಆಗಬೇಕು.

ಅಡಿಕೆಗೊನೆ

ಇಲಾಖೆಯ ಇಂಜಿನಿಯರ್‌ಗಳು, ಪಂಚಾಯ್ತಿಯವರೂ ಅದೇ ಗುಂಪಲ್ಲಿ ಇದ್ದಾರಾ? ಇದ್ದರೆ ಅವರಿಗೂ ಒಂದು ಸಾಲು ಹಾಕಲೇಬೇಕು. ಬಿಟ್ಟರೆ ಕೊನೇ ಬಿಲ್ಲಿಗೆ ತೊಂದರೆ.

ಲೆಕ್ಕಪತ್ರ

ಬಿಲ್ಲಿಗಾಗಿ ಧನ್ಯವಾದ ಹೇಳೋದು ಓದೋರಿಗೆ ಗೊತ್ತಾಗೇ ಆಗುತ್ತೆ. ನನ್ನ ಪ್ರಕಾರ ಇಲಾಖೆಯವರಿಗೆ ಬೇರೆ ಪತ್ರ ಇರಲಿ, ಆಫೀಸಿನ ಹಾಳೆಯಲ್ಲಿ. ತಂಡದ ಸಂದೇಶ ತಂಡಕ್ಕೆ.

ನಿವೃತ್ತ_ಎಇಇ

ನಾನು ಅದನ್ನು ಪೂರ್ತಿ ಒಪ್ಪಲ್ಲ. ದಿನಾ ಲೈನ್ ಮೇಲೆ ನಿಂತ ಜೂನಿಯರ್ ಇಂಜಿನಿಯರ್ ಇದ್ದರೆ ಅವರು ಕೆಲಸದ ಭಾಗವೇ. ನೀರುಗಂಟಿ ಅಂತೂ ಇನ್ನು ಮುಂದೆ ಇದನ್ನೆಲ್ಲ ನಡೆಸೋನು. ಇದು ಒಂದೊಂದು ಸೈಟಿಗೆ ಒಂದೊಂದು ತರ, ಮೇಡಂ ತಮ್ಮ ಗುಂಪನ್ನು ನೋಡಿ ತೀರ್ಮಾನ ಮಾಡಲಿ.

ಹೊಸನಗರ_ಸೈಟ್

ಜೂನಿಯರ್ ಇಂಜಿನಿಯರ್ ಬಗ್ಗೆ ಇನ್ನೂ ಯೋಚಿಸ್ತೀನಿ. ನೀರುಗಂಟಿಗಳನ್ನು ಸೇರಿಸ್ತೀನಿ. ಕೊನೇ ಪ್ರಶ್ನೆ: 31ರ ನಂತರ ಗುಂಪನ್ನು ಏನು ಮಾಡಬೇಕು? ಅಡ್ಮಿನ್ ನಾನೊಬ್ಬಳೇ.

ಲೆಕ್ಕಪತ್ರ

ಸುಮ್ಮನೆ ಹೊರಗೆ ಬಂದುಬಿಡಬೇಡಿ. ಒಬ್ಬರೇ ಅಡ್ಮಿನ್ ಇದ್ದು ಹೊರಟರೆ ವಾಟ್ಸಾಪ್ ತಾನೇ ಯಾರನ್ನೋ ಒಬ್ಬರನ್ನು ಅಡ್ಮಿನ್ ಮಾಡುತ್ತೆ, ಯಾರು ಅಂತ ನಿಮ್ಮ ಕೈಯಲ್ಲಿ ಇರಲ್ಲ. ಮೊದಲು ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಕಂಪನಿ ಫೈಲಲ್ಲಿ ಇಡಿ, ಫೋಟೋಗಳನ್ನು ಬೇರೆಯಾಗಿ ಇಳಿಸಿಕೊಳ್ಳಿ. ಆಮೇಲೆ ದೋಷ ಸರಿಪಡಿಸೋ ಅವಧಿಗೆ ಕಂಪನಿ ಕಡೆಯಿಂದ ಇಲ್ಲೇ ಉಳಿಯೋರನ್ನು ಇನ್ನೊಬ್ಬ ಅಡ್ಮಿನ್ ಮಾಡಿ. ಗುಂಪಿನ ಸೆಟ್ಟಿಂಗ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸೋ ಹಾಗೆ ಇಡಿ. ಮೂರನೇ ಸಂದೇಶವನ್ನು ಪಿನ್ ಮಾಡಿ: ಸಂಬಳ ಬಾಕಿಗೆ ಕಂಪನಿಯ ಲೆಕ್ಕ ವಿಭಾಗ, ಪಿಎಫ್‌ಗೆ ಇಂಥವರು, ಪೈಪ್ ಸೋರಿದರೆ ಇಂಥವರು. ಇಲ್ಲಿ ಕೊಡೋದು ಕಂಪನಿ ಕೊಟ್ಟ ನಂಬರೇ ಆಗಿರಲಿ, ಯಾರದೂ ಸ್ವಂತ ನಂಬರ್ ಬೇಡ. ಪಿನ್ ಮಾಡುವಾಗ ಅವಧಿ ಕೇಳುತ್ತೆ, ಹೆಚ್ಚೆಂದರೆ 30 ದಿನ ಸಿಗುತ್ತೆ. ಜೂನ್ ಕೊನೆಗೆ ಮತ್ತೆ ಪಿನ್ ಮಾಡೋದನ್ನು ಆ ಹೊಸ ಅಡ್ಮಿನ್‌ಗೆ ಹೇಳಿಟ್ಟು ಹೋಗಿ.